ಒಂದು ಸೆಲ್ ಸೋತರೆ

ಅಥಣಿಯ ಬೇಸಿಗೆಯಲ್ಲಿ ಕರೆಂಟು ಹೋದಾಗ ತಂಗಿಯ ಮಗಳು ಫೋನ್ ಮಾಡಿದಳು: ‘ಮಾಮಾ, ಲ್ಯಾಪ್‌ಟಾಪ್ ಒಂದು ತಾಸೂ ನಿಲ್ಲಂಗಿಲ್ಲ.’ ನಿಪ್ಪಾಣಿಯಲ್ಲಿ ಕೊಂಡು ಹನ್ನೊಂದು ತಿಂಗಳಾಗಿತ್ತು. ‘ನಿಲ್ಲಂಗಿಲ್ಲ’ ಎಂದಷ್ಟೇ ಬರೆದರೆ ಅಂಗಡಿಯವರು ‘ಸಾಫ್ಟ್‌ವೇರ್ ತೊಂದರೆ’ ಎನ್ನುತ್ತಾರೆ. ಅಳತೆ ಬೇಕು. ವಿಂಡೋಸ್‌ನಲ್ಲಿ ಅದು ಒಂದೇ ಸಾಲಿನ ಕೆಲಸ:

```
powercfg /batteryreport
```

ವರದಿಯಲ್ಲಿ DESIGN CAPACITY 42,000 mWh, FULL CHARGE CAPACITY 23,100 mWh ಎಂದಿತ್ತು. ಅಂದರೆ ಶೇ. 55 ಮಾತ್ರ ಉಳಿದಿತ್ತು. CYCLE COUNT ಬರೀ 96. ಸಾಮಾನ್ಯವಾಗಿ ಲಿಥಿಯಂ ಬ್ಯಾಟರಿ 300ರಿಂದ 500 ಸಲ ತುಂಬಿ ಖಾಲಿಯಾದ ಮೇಲೂ ಶೇ. 80ರ ಆಸುಪಾಸಿನಲ್ಲಿರಬೇಕು.

ಬಿಸಿಲಿನ ಊರಲ್ಲಿ ಸದಾ ಪೂರ್ತಿ ಚಾರ್ಜ್ ಆಗಿಯೇ ಇಟ್ಟ ಬ್ಯಾಟರಿ ಬೇಗ ಸವೆಯುವುದು ನಿಜ. ಸೆಲ್‌ನೊಳಗಿನ ಗ್ರಾಫೈಟ್ ಮೇಲೆ ತೆಳುಪೊರೆಯೊಂದು ಬೆಳೆಯುತ್ತ ಹೋಗುತ್ತದೆ. ಅದರಲ್ಲಿ ಸಿಕ್ಕಿದ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಆದರೆ ಈ ಸವೆತ ತಿಂಗಳುಗಟ್ಟಲೆ ನಿಧಾನವಾಗಿ ನಡೆಯುತ್ತದೆ. ಅದಕ್ಕೇ ನಾನು ಅದೇ ವರದಿಯ ಕೆಳಗಿನ Battery capacity history ನೋಡಿದೆ. ಎಂಟು ತಿಂಗಳು 39,000ದ ಮೇಲೆಯೇ ಇದ್ದ ಸಂಖ್ಯೆ ಮೂರೇ ವಾರದಲ್ಲಿ 23,100ಕ್ಕೆ ಕುಸಿದಿತ್ತು.

ಇಂಥ ಕಡಿದಾದ ಇಳಿಜಾರು ಕಂಡರೆ ನನ್ನ ಅನುಮಾನ ಒಂದೇ ಸೆಲ್ ಮೇಲೆ ಹೋಗುತ್ತದೆ. ಬ್ಯಾಟರಿಯಲ್ಲಿ ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಅವುಗಳಲ್ಲಿ ದುರ್ಬಲವಾದುದು ಖಾಲಿಯಾದ ಕೂಡಲೇ ರಕ್ಷಣಾ ಸರ್ಕ್ಯೂಟ್ ಇಡೀ ಬ್ಯಾಟರಿಯನ್ನೇ ನಿಲ್ಲಿಸುತ್ತದೆ. ಜೋಡಿಯಲ್ಲಿ ಒಂದು ಎತ್ತು ಕುಂಟಿದರೆ ಬಂಡಿಯೇ ನಿಂತಂತೆ.

ಬ್ಯಾಟರಿಯ ಲೆಕ್ಕ ಇಡುವ ಚಿಪ್ಪೇ ತಪ್ಪಿರಲೂಬಹುದು. ಪೂರ್ತಿ ತುಂಬಿಸಿ, ತಾನಾಗಿ ಆರುವವರೆಗೆ ಓಡಿಸಿ, ಮತ್ತೆ ಪೂರ್ತಿ ತುಂಬಿಸಿದೆವು. ಸಂಖ್ಯೆ 23,400ಕ್ಕೆ ಬಂತು, ಅಷ್ಟೇ. ಹಾಗಾಗಿ ಕುಸಿತ ನಿಜವೇ. ಟಚ್‌ಪ್ಯಾಡ್ ಉಬ್ಬಿದ್ದರೆ ಮಾತ್ರ ಈ ಪರೀಕ್ಷೆ ಬೇಡ. ಚಾರ್ಜ್ ಮಾಡುವುದನ್ನೇ ನಿಲ್ಲಿಸಿ.

ಆಮೇಲೆ ಅವಳು ಈ ಇ-ಮೇಲ್ ಬರೆದಳು:

‘ಮಾನ್ಯರೇ, ನಿಮ್ಮಲ್ಲಿ ಕೊಂಡ ಲ್ಯಾಪ್‌ಟಾಪಿನ ಬಿಲ್ಲು ಮತ್ತು ಸೀರಿಯಲ್ ನಂಬರಿನ ಫೋಟೊ ಲಗತ್ತಿಸಿದ್ದೇನೆ. ಬ್ಯಾಟರಿಯ ಸಾಮರ್ಥ್ಯ 42,000ದಿಂದ 23,400 mWhಗೆ ಇಳಿದಿದೆ; ಬಹುಪಾಲು ಮೂರು ವಾರದಲ್ಲಿ. ಬಳಕೆ 96 ಸೈಕಲ್. ಪೂರ್ತಿ ಖಾಲಿ ಮಾಡಿ ತುಂಬಿಸುವ ಮೊದಲಿನ ಮತ್ತು ನಂತರದ ಎರಡು ವರದಿಗಳೂ ಜೊತೆಗಿವೆ. ಒಂದು ವರ್ಷದ ವಾರಂಟಿ ಮುಗಿಯುವ ಮುನ್ನ ಬ್ಯಾಟರಿ ಬದಲಿಸಿಕೊಡಿ. ಈ ದೂರು ದಾಖಲಾದ ನಂಬರನ್ನು ಬರೆದು ತಿಳಿಸಿ.’

ಕೊನೆಯ ವಾಕ್ಯ ನಾನು ಹೇಳಿ ಸೇರಿಸಿದ್ದು. ಲ್ಯಾಪ್‌ಟಾಪಿಗೆ ಹೆಚ್ಚು ವರ್ಷದ ವಾರಂಟಿ ಇದ್ದರೂ ಬ್ಯಾಟರಿಗೆ ಎಷ್ಟೋ ಕಂಪನಿಗಳು ಒಂದೇ ವರ್ಷ ಕೊಡುತ್ತವೆ. ಉತ್ತರ ಬರುವಷ್ಟರಲ್ಲಿ ದಿನ ಮೀರಿದರೂ, ದೂರು ಅವಧಿಯೊಳಗೇ ಕೊಟ್ಟಿದ್ದೆಂಬುದಕ್ಕೆ ಆ ನಂಬರು ಸಾಕ್ಷಿ. ಅಂಗಡಿಯವರು ಸುಮ್ಮನಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರುವಾಗಲೂ ಇದೇ ಕಾಗದಗಳು ಬೇಕು.