ಗಂಟೆಗೊಮ್ಮೆ ಬೆಲೆ ನೋಡುತ್ತಿದ್ದ ಹುಡುಗ

ಇದು ಕಟ್ಟುಕತೆ, ಆದರೆ ಮಾರುಕಟ್ಟೆಯ ಅಂಕಿಗಳು ನಿಜ. ಕಥಾನಾಯಕ ಸುಹಾಸ್, ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್. 2020ರ ಜನವರಿ ಕೊನೆಯಲ್ಲಿ ಒಂದು ಲಕ್ಷ ರೂಪಾಯಿಯನ್ನು ನಿಫ್ಟಿ ಇಟಿಎಫ್‌ಗೆ ಹಾಕಿದ. ಸೂಚ್ಯಂಕ ಆಗ 12,000ದ ಹತ್ತಿರವಿತ್ತು. ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ಗಂಟೆಗೊಮ್ಮೆ ಮೊಬೈಲ್ ತೆರೆಯುವುದು ಅವನಿಗೆ ಚಟವಾಯಿತು. ಮೀಟಿಂಗ್ ನಡೆಯುವಾಗಲೂ ಕಣ್ಣು ಆ್ಯಪ್ ಮೇಲೆಯೇ.

ಮಾರ್ಚ್ 23ರ ಸೋಮವಾರ ಪೇಟೆ ತೆರೆಯುತ್ತಲೇ ಕುಸಿಯಿತು. ಸೂಚ್ಯಂಕ ಶೇ 10 ಇಳಿದ ಕೂಡಲೇ ನಿಯಮದಂತೆ ವಹಿವಾಟು 45 ನಿಮಿಷ ನಿಂತಿತು. ಮಾರಲು ಹೊರಟಿದ್ದ ಸುಹಾಸ್ ಸಹೋದ್ಯೋಗಿಗೆ ಫೋನ್ ಮಾಡಿದ.

‘ಈ ದುಡ್ಡು ನಿಂಗೆ ಯಾವಾಗ ಬೇಕು?’

‘ಈಗೇನೂ ಬೇಡ, ಮುಂದೆ ಮನೆ ಕಟ್ಟೋಕೆ. ಇನ್ನೂ ಹತ್ತು ವರ್ಷ ಇದೆ.’

‘ಮತ್ತೆ ಇವತ್ತೇ ಯಾಕೆ ಮಾರ್ತೀಯ?’

ಉತ್ತರ ಹೊಳೆಯಲಿಲ್ಲ, ಭಯವೂ ಹೋಗಲಿಲ್ಲ. ವಹಿವಾಟು ಮತ್ತೆ ಶುರುವಾದಾಗ ಅರ್ಧ ಮಾರಿದ. 50,000 ಹಾಕಿದ್ದಕ್ಕೆ ಕೈಗೆ ಬಂದದ್ದು ಸುಮಾರು 32,000. ನಿಫ್ಟಿ ಅಂದು 7,610ಕ್ಕೆ ಮುಗಿಯಿತು. ಅದೇ ವರ್ಷದ ನವೆಂಬರ್ 9ರಂದು ಅದು 12,400 ದಾಟಿತ್ತು. ಮಾರದೆ ಉಳಿಸಿಕೊಂಡಿದ್ದ ಅರ್ಧದ ಬೆಲೆ ಆಗ ಸುಮಾರು 52,000.

ಗಂಟೆಗೊಮ್ಮೆ ನೋಡುವವರು ಇಷ್ಟು ಹೆದರುವುದೇಕೆ? ನಸೀಮ್ ತಾಲೆಬ್ ‘ಫೂಲ್ಡ್ ಬೈ ರ್‍ಯಾಂಡಮ್‌ನೆಸ್’ ಪುಸ್ತಕದಲ್ಲಿ ಇದರ ಲೆಕ್ಕ ಕೊಟ್ಟಿದ್ದಾರೆ. ವರ್ಷಕ್ಕೆ ಸರಾಸರಿ ಶೇ 15 ಲಾಭ, ಶೇ 10ರಷ್ಟು ಏರಿಳಿತ ಇರುವ ಒಂದು ಹೂಡಿಕೆ ಎಂದುಕೊಳ್ಳಿ. ವರ್ಷಕ್ಕೊಮ್ಮೆ ನೋಡಿದರೆ 100ರಲ್ಲಿ 93 ಸಲ ಲಾಭ ಕಾಣುತ್ತದೆ. ತಿಂಗಳಿಗೊಮ್ಮೆ ನೋಡಿದರೆ 67 ಸಲ. ಗಂಟೆಗೊಮ್ಮೆ ನೋಡಿದರೆ ಬರೀ 51 ಸಲ! ಹೂಡಿಕೆ ಅದೇ, ಆದರೆ ನೋಡಿದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಲ ಕೆಂಪು ಅಂಕಿಯೇ ಎದುರಾಗುತ್ತದೆ. ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ ಕಂಡುಕೊಂಡಂತೆ, ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಖುಷಿಗಿಂತ ಸುಮಾರು ಎರಡು ಪಟ್ಟು. ಹಾಗಾಗಿ ಲಾಭದಲ್ಲಿರುವ ಮನುಷ್ಯನೂ ದಿನವಿಡೀ ಸೋತವನಂತೆ ಇರುತ್ತಾನೆ.

ಸುಹಾಸ್‌ಗೆ ತಾಳ್ಮೆ ಒಂದೇ ದಿನದಲ್ಲಿ ಬರಲಿಲ್ಲ. ಮೊದಲು ನೋಟಿಫಿಕೇಶನ್ ನಿಲ್ಲಿಸಿದ. ಆಮೇಲೆ ದಿನಕ್ಕೊಮ್ಮೆ, ಪೇಟೆ ಮುಚ್ಚಿದ ಮೇಲಷ್ಟೇ ನೋಡತೊಡಗಿದ. ಕೊನೆಗೆ ತಿಂಗಳ ಮೊದಲ ಶನಿವಾರಕ್ಕೆ ಬಂದು ನಿಂತ. ಅಂದು ಪೇಟೆಗೆ ರಜೆ, ಬೆಲೆ ಕಂಡು ಗಾಬರಿಯಾದರೂ ತಕ್ಷಣ ಮಾರಲು ಆಗುವುದಿಲ್ಲ. ಸೋಮವಾರದ ಹೊತ್ತಿಗೆ ಗಾಬರಿ ಇಳಿದಿರುತ್ತದೆ.

ಕಾದವರಿಗೆಲ್ಲ ಎಂಟೇ ತಿಂಗಳಲ್ಲಿ ಹಣ ವಾಪಸ್ ಬರುತ್ತದೆಂದು ಮಾತ್ರ ತಿಳಿಯಬೇಡಿ. ಜಪಾನಿನ ನಿಕ್ಕೆ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಒಂದೇ ಕಂಪನಿಯ ಷೇರಾದರೆ ಅದು ಚೇತರಿಸಿಕೊಳ್ಳದೆಯೇ ಹೋಗಬಹುದು. ಇನ್ನೆರಡು ಮೂರು ವರ್ಷದಲ್ಲಿ ಮಗಳ ಫೀಸಿಗೋ ಮನೆಗೋ ಬೇಕಾದ ಹಣವನ್ನು ಷೇರುಪೇಟೆಗೆ ಹಾಕಲೇಬೇಡಿ.