ಕೂದಲಂಚಿನ ಹಸಿರು

ತಿಳಿಹಸಿರು ಗೋಡೆಯ ಮುಂದೆ ನಿಂತು ತೆಗೆಸಿದ ಫೋಟೋ. ಪಾಸ್‌ಪೋರ್ಟ್‌ಗೆ ಹಿಂದೆ ಬಿಳಿಯೇ ಬೇಕು. ಭುಜದ ಸುತ್ತ ಗೆರೆ ಎಳೆದು ಆಚೆಗಿನದನ್ನು ಅಳಿಸುವುದು ಐದು ನಿಮಿಷದ ಕೆಲಸ. ಕೈಕೊಡುವುದು ಕೂದಲು.

ಕಿವಿಯ ಮೇಲೆ ಹಾರಾಡುವ ಒಂದೆಳೆಯನ್ನು ಎಂಟು ಪಟ್ಟು ಹಿಗ್ಗಿಸಿ ನೋಡಿ. ಕರಿ ಗೆರೆಯ ಬದಲು ಕೊಳೆಹಸಿರು ಚೌಕಗಳು ಕಾಣುತ್ತವೆ. ಎಳೆ ಪಿಕ್ಸೆಲ್‌ಗಿಂತ ಸಣ್ಣದಾದ್ದರಿಂದ ಒಂದೇ ಚೌಕದಲ್ಲಿ ಕೂದಲೂ ಗೋಡೆಯೂ ಬಿದ್ದಿವೆ. ಕ್ಯಾಮೆರಾ ಎರಡನ್ನೂ ಕಲಸಿ ಒಂದೇ ಬಣ್ಣ ಬರೆದುಕೊಂಡಿದೆ. ಈ ಕಲಸುಮೇಲೋಗರಕ್ಕೂ ಒಂದು ಲೆಕ್ಕವಿದೆ:

```
C = α·F + (1 − α)·B
```

F ಕೂದಲಿನ ಬಣ್ಣ, B ಗೋಡೆಯದು, C ಫೋಟೋದಲ್ಲಿ ಕಾಣುವುದು. α ಎಂದರೆ ಚೌಕದಲ್ಲಿ ಕೂದಲಿನ ಪಾಲು. ಚಿತ್ರದ ಮೇಲೆ ಚಿತ್ರ ಕೂರಿಸುವ ಈ ಗಣಿತವನ್ನು ಪೋರ್ಟರ್ ಮತ್ತು ಡಫ್ 1984ರಲ್ಲಿ ಕ್ರಮಬದ್ಧವಾಗಿ ಬರೆದಿಟ್ಟರು.

ಕೂದಲು ಕೆಂಪು, ಹಸಿರು, ನೀಲಿಯಲ್ಲಿ 30, 25, 20 ಎನ್ನಿ; ಗೋಡೆ 90, 170, 110. ಕೂದಲಿನ ಪಾಲು ನೂರಕ್ಕೆ ನಲವತ್ತಿದ್ದರೆ ಚೌಕದ ಬಣ್ಣ 66, 112, 74. ಗಟ್ಟಿ ರಬ್ಬರಿನಿಂದ ಅಳಿಸಿದರೆ ಈ ಚೌಕ ಪೂರ್ತಿ ಉಳಿಯುತ್ತದೆ, ಇಲ್ಲವೇ ಪೂರ್ತಿ ಹೋಗುತ್ತದೆ. ಉಳಿದರೆ ತಲೆಯ ಸುತ್ತ ಹಸಿರು ಗೆರೆ. ಹೋದರೆ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದಂಥ ತಲೆ. ಜಾಣರು ಮೆತ್ತನೆಯ ಬ್ರಷ್ ಹಿಡಿದು ನಲವತ್ತರಷ್ಟನ್ನೇ ಉಳಿಸುತ್ತಾರೆ. ಆಗಲೂ ಬಿಳಿಯ ಮೇಲೆ ಬರುವುದು 179, 198, 183, ಅಂದರೆ ಹಸಿರು ಛಾಯೆ. ಪಾಲು ಸರಿಯಿದ್ದರೂ ಬಣ್ಣದೊಳಗೆ ಗೋಡೆ ಇನ್ನೂ ಕೂತಿದೆ. ಅದರ ಜಾಗಕ್ಕೆ ಕೂದಲಿನ ಅಸಲಿ ಬಣ್ಣ ಹಾಕಿದರೆ 165, 163, 161: ಬಿಳಿಯ ಮುಂದಿನ ಒಂದೆಳೆ ಕೂದಲಿಗೆ ತಕ್ಕ ಬೂದು.

ಹಾಗಾಗಿ ಕೆಲಸ ಎರಡು ಹಂತದ್ದು. GIMPನಲ್ಲಿ ಫೋಟೋದ ಕೆಳಗೆ ಬಿಳಿ ಪದರ ಹಾಕಿ, ಫೋಟೋಗೆ `Add Layer Mask` ಕೊಟ್ಟು, ಗೋಡೆಯಿರುವಲ್ಲಿ ಮಾಸ್ಕ್‌ಗೆ ಕಪ್ಪು, ಕೂದಲಂಚಿಗೆ ಬೂದು ಬಳಿಯಿರಿ. ಪಾಲು ನಿಂತಿತು. ಆಮೇಲೆ ಮಾಸ್ಕ್ ಬಿಟ್ಟು ಫೋಟೋವನ್ನೇ ಆರಿಸಿ, ಒಳಗಿನ ಕೂದಲಿಂದ ಬಣ್ಣ ಎತ್ತಿ ಅಂಚಿನುದ್ದಕ್ಕೂ ಬಳಿಯಿರಿ. ಮಾಸ್ಕ್ ತಡೆಯುವುದರಿಂದ ಬಣ್ಣ ಆಚೆ ಚೆಲ್ಲುವುದಿಲ್ಲ.

ಒಂದೇ ಬಣ್ಣದ ಗೋಡೆಯಾದರೆ B ಮೊದಲೇ ಗೊತ್ತಿರುತ್ತದೆ, ಕೂದಲಿನ ಬಣ್ಣ ಪಕ್ಕದಲ್ಲೇ ಸಿಗುತ್ತದೆ. ಹುಡುಕಬೇಕಾದ್ದು ಪಾಲು ಮಾತ್ರ. ಹಿಂದೆ ಕ್ಯಾಲೆಂಡರು, ಕಿಟಕಿ ಇದ್ದರೆ ಚೌಕ ಚೌಕಕ್ಕೂ B ಬೇರೆ. ಅಲ್ಲಿ ತಂತ್ರಾಂಶಕ್ಕೂ ಊಹೆಯೇ ಗತಿ. ಇನ್ನು ಕುತ್ತಿಗೆಗೆ ಗೋಡೆಯ ಹಸಿರು ಬಡಿದಿದ್ದರೆ ಅದು ಅಂಚಿನ ರೋಗವಲ್ಲ, ನಿಜವಾಗಿ ಚರ್ಮದ ಮೇಲೆ ಬಿದ್ದ ಬೆಳಕು. ನಾಲ್ಕಡಿ ಮುಂದೆ ನಿಲ್ಲಿಸಿ ಮತ್ತೆ ತೆಗೆಯುವುದೇ ಸುಲಭ.

ಎಲ್ಲ ಸರಿಹೋದ ಮೇಲೂ ಬಿಳಿ ಅಂಗಿ ಒಂದು ಪೇಚು. F ಬಿಳಿ, ಹೊಸ B ಕೂಡ ಬಿಳಿ. ಪಾಲು ಎಷ್ಟಿದ್ದರೇನು, ಭುಜವೇ ಮಾಯವಾಗಿ ತಲೆಯೊಂದು ತೇಲುತ್ತದೆ. ಸ್ಟುಡಿಯೋದಲ್ಲಿ ಕನ್ನಡಿ ಪಕ್ಕದ ಮೊಳೆಗೆ ಕರಿ ಕೋಟು ನೇತುಹಾಕಿರುತ್ತಾರಲ್ಲ, ಆಗ ಅದನ್ನೇ ಕೊಡುತ್ತಾರೆ.