ವಿಧಾನ ಸರಿ, ಉತ್ತರ ತಪ್ಪು: ಅಂಕ ಎಷ್ಟು?

ಕರ್ನಾಟಕದ ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಲೆಕ್ಕಕ್ಕೆ ಅಂಕ ಬೀಳುವುದು ಹಂತ ಹಂತವಾಗಿ. ಬಿಡಿಸಿದ ಕ್ರಮ ತೋರಿಸದೆ ಬರೀ ಉತ್ತರ ಬರೆದರೆ ಅಂಕವಿಲ್ಲ ಎಂಬ ಸೂಚನೆ ಪ್ರಶ್ನೆಪತ್ರಿಕೆಯಲ್ಲೇ ಇರುತ್ತದೆ. ಕ್ರಮಕ್ಕೆ ಇಷ್ಟು ಬೆಲೆ ಇದ್ದ ಮೇಲೆ, ಕ್ರಮ ಸರಿಯಿದ್ದು ಕೂಡಿ ಕಳೆಯುವಲ್ಲಿ ಎಡವಿದವರಿಗೆ ಪೂರ್ತಿ ಸೊನ್ನೆ ಹಾಕುವುದು ನ್ಯಾಯವಲ್ಲ.

ಒಂದು ಲೆಕ್ಕ ನೋಡಬಹುದು. 20 ಸೆಂ.ಮೀ. ಸಂಗಮ ದೂರದ ಪೀನ ಮಸೂರದ ಮುಂದೆ 30 ಸೆಂ.ಮೀ. ದೂರದಲ್ಲಿ ವಸ್ತುವಿದೆ, ಪ್ರತಿಬಿಂಬದ ದೂರ ಮತ್ತು ವರ್ಧನೆ ಬೇಕು. ಐದು ಅಂಕವನ್ನು ಹೀಗೆ ಹಂಚಬಹುದು: 1/v − 1/u = 1/f ಸೂತ್ರಕ್ಕೆ ಒಂದು, u = −30 ಎಂದು ಚಿಹ್ನೆಸಮೇತ ಬೆಲೆಗಳನ್ನು ಹಾಕಿದ್ದಕ್ಕೆ ಒಂದು, v = 60 ಸೆಂ.ಮೀ. ಎಂಬುದಕ್ಕೆ ಒಂದು, m = v/u ಸೂತ್ರಕ್ಕೆ ಒಂದು, m = −2 ಎಂಬುದಕ್ಕೆ ಒಂದು.

ಒಬ್ಬ ವಿದ್ಯಾರ್ಥಿ 1/20 − 1/30 ತನಕ ಸರಿಯಾಗಿ ಬಂದು, ಛೇದದಲ್ಲಿ 60ರ ಬದಲು 50 ಹಾಕಿ, v = 50 ಎಂದು ಬರೆದ ಎನ್ನೋಣ. ಮೂರನೆಯ ಅಂಕ ಹೋಯಿತು, ಅದರಲ್ಲಿ ವಾದವಿಲ್ಲ. ಆದರೆ ಅದೇ 50 ಇಟ್ಟುಕೊಂಡು ಅವನು m = −1.67 ಎಂದು ಸರಿಯಾಗಿಯೇ ಭಾಗಿಸಿದ್ದಾನೆ. ಒಂದೇ ತಪ್ಪಿಗೆ ಎರಡು ಸಲ ಅಂಕ ಕಳೆಯಬಾರದು ಎಂಬ ನಿಯಮ ಪಾಲಿಸುವ ಕಡೆ ಅವನಿಗೆ ಐದಕ್ಕೆ ನಾಲ್ಕು. ಅಂತಿಮ ಬೆಲೆ ಸರಿಯಿದ್ದರೆ ಮಾತ್ರ ಕೊನೆಯ ಅಂಕ ಎಂದು ಸ್ಕೀಮಿನಲ್ಲಿದ್ದರೆ ಮೂರು. ಇದು ಮೌಲ್ಯಮಾಪಕರ ಔದಾರ್ಯಕ್ಕೆ ಬಿಟ್ಟದ್ದಲ್ಲ. ತಿದ್ದುವುದಕ್ಕೆ ಮೊದಲೇ ಎಲ್ಲರೂ ಒಪ್ಪಿರಬೇಕಾದ ಮಾತು.

ಇನ್ನೊಬ್ಬಳು 1/20 + 1/30 ಎಂದು ಬರೆದು v = 12 ತಂದಳು. ಮೇಲುನೋಟಕ್ಕೆ ಇದೂ ಕೂಡುವ ಕಳೆಯುವ ತಪ್ಪೇ. ಆದರೆ ಅವಳು ಮರೆತದ್ದು u ಋಣ ಎಂಬುದನ್ನು. ಅದು ಗಣಿತವಲ್ಲ, ಭೌತಶಾಸ್ತ್ರ. ಆದ್ದರಿಂದ ಬೆಲೆ ಹಾಕಿದ ಅಂಕವೂ ಹೋಗುತ್ತದೆ. ತಪ್ಪು ಯಾವ ಸಾಲಿನಲ್ಲಿ ಹುಟ್ಟಿತು ಎಂದು ಹಿಂದಕ್ಕೆ ಓದಿದರಷ್ಟೇ ಈ ವ್ಯತ್ಯಾಸ ಸಿಗುತ್ತದೆ.

ತಕರಾರು ಏಳುವುದು 1/v = 1/60 ಎಂದು ಬರೆದು, ತಿರುಗಿಸಲು ಮರೆತು, v = 0.017 ಸೆಂ.ಮೀ. ಎಂದವರ ವಿಷಯದಲ್ಲಿ. ಮೊದಲ ಎರಡು ಅಂಕ ಅವರದೇ. ಮುಂದೆ m ಸುಮಾರು −0.0006 ಬರುತ್ತದೆ. ವಸ್ತು F ಮತ್ತು 2F ನಡುವೆ ಇದ್ದಾಗ ಪ್ರತಿಬಿಂಬ ವಸ್ತುವಿಗಿಂತ ದೊಡ್ಡದಿರಲೇಬೇಕು. ಇಷ್ಟು ಅಸಂಗತವಾದ ಬೆಲೆಯನ್ನು ಮುಂದಕ್ಕೆ ಒಯ್ದದ್ದಕ್ಕೆ ಅಂಕ ಕೊಡದಿರುವ ಪರೀಕ್ಷಕರಿದ್ದಾರೆ, ಅವರ ನಿಲುವಿಗೆ ಆಧಾರವಿದೆ. ಮೊದಲನೆಯವನ 50 ಮಾತ್ರ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ: 2F ಅಂದರೆ 40ರ ಆಚೆಗೇ ಇದೆ, ಹಾಗಾಗಿ ಅವನಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಉತ್ತರಪತ್ರಿಕೆಯೂ ಸಿಗುತ್ತದೆ. ಚಿಹ್ನೆಗಳನ್ನೇ ಬಿಟ್ಟು 1/f = 1/u + 1/v ಎಂದು ಬರೆದರೂ v = 60 ಬರುತ್ತದೆ. ಆದರೆ ವರ್ಧನೆ +2 ಎಂದಾಗುತ್ತದೆ, ಅಂದರೆ ತಲೆಕೆಳಗಾಗಬೇಕಾದ ಪ್ರತಿಬಿಂಬ ನೆಟ್ಟಗೆ ನಿಲ್ಲುತ್ತದೆ. ಬರೀ 60 ನೋಡಿ ಟಿಕ್ ಹಾಕಿದವರು ಈ ತಪ್ಪನ್ನು ಕೊನೆಯ ಸಾಲಿನಲ್ಲಷ್ಟೇ ಕಾಣುತ್ತಾರೆ; ಕಳೆಯಬೇಕಾದ ಅಂಕ ಮಾತ್ರ ಮೊದಲ ಎರಡು ಸಾಲಿನದು.